ಟೊಳ್ಳು ಶಾಫ್ಟ್ ಎಷ್ಟು ಟೊಳ್ಳಿರಬೇಕು? ಕೀವೇಯನ್ನು ಕೇಳಿ

ಟೊಳ್ಳು ಶಾಫ್ಟ್ ಗಟ್ಟಿ ಶಾಫ್ಟ್‌ಗಿಂತ ಬಲಶಾಲಿ ಎಂದು ಕಾಲೇಜಿನಲ್ಲಿ ಎಲ್ಲರೂ ಓದಿರುತ್ತಾರೆ. ಅದರ ಜೊತೆಗಿದ್ದ ಷರತ್ತು ಮಾತ್ರ ಬೇಗ ಮರೆತುಹೋಗುತ್ತದೆ: ಎರಡರ ತೂಕವೂ ಒಂದೇ ಇರಬೇಕು. ಇರುವ ಶಾಫ್ಟ್‌ಗೆ ಸುಮ್ನೆ ತೂತು ಕೊರೆದರೆ ಬಲ ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ. 70 ಮಿ.ಮೀ. ಶಾಫ್ಟ್‌ನ ನಡುವೆ 42 ಮಿ.ಮೀ. ತೂತು ಹಾಕಿದರೆ ತೂಕ 36% ಇಳಿಯುತ್ತದೆ, ಟಾರ್ಕ್ ತಾಳುವ ಶಕ್ತಿ ಸುಮಾರು 13% ಇಳಿಯುತ್ತದೆ. ಲಾಭದ ವ್ಯವಹಾರವೇ, ಆದರೆ ಬಲ ಹೆಚ್ಚಿತು ಅನ್ನುವ ಹಾಗಿಲ್ಲ. ನಡುವಿನಿಂದ ತೆಗೆದ ಉಕ್ಕನ್ನು ಹೊರಗಡೆ ಹಾಕಿ ವ್ಯಾಸ ಹಿಗ್ಗಿಸಿದಾಗ ಮಾತ್ರ ಬಲ ಹೆಚ್ಚುತ್ತದೆ.

ಇದಕ್ಕೆ ಕಾರಣ ಸರಳ. ತಿರುಚುವಾಗ ಶಾಫ್ಟ್‌ನ ಮೇಲ್ಮೈಯಲ್ಲಿ ಸ್ಟ್ರೆಸ್ ಅತಿ ಹೆಚ್ಚು, ನಡುವಿನಲ್ಲಿ ಸೊನ್ನೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿದರೆ ಏನೂ ಆಗುವುದಿಲ್ಲ, ಅಂಚಿನಲ್ಲಿ ತಳ್ಳಿದರೆ ಸಲೀಸಾಗಿ ತಿರುಗುತ್ತದೆ ಅಲ್ವಾ? ನಡುವಿನ ಉಕ್ಕಿಗೆ ಸ್ಟ್ರೆಸ್ಸೂ ಕಡಿಮೆ, ಸನ್ನೆಯ ಉದ್ದವೂ ಕಡಿಮೆ. ಹೀಗಾಗಿ ಗಟ್ಟಿ ಶಾಫ್ಟ್‌ನಲ್ಲಿ ಅರ್ಧ ವ್ಯಾಸದ ಒಳಗಿರುವ ಭಾಗ ತೂಕದ ಕಾಲು ಪಾಲು ತಿನ್ನುತ್ತದೆ. ಟಾರ್ಕ್ ಹೊರುವುದು ಮಾತ್ರ ಹದಿನಾರನೇ ಒಂದು ಪಾಲು.

ಈಗ ಒಂದು ಲೆಕ್ಕ ಹಾಕೋಣ. 75 ಕಿಲೋವ್ಯಾಟ್, 300 ಆರ್‌ಪಿಎಂ. ಎರಡು ಬೇರಿಂಗ್‌ಗಳ ನಡುವೆ 3 ಮೀಟರ್ ಉದ್ದ. ತುದಿಯಲ್ಲಿ ಕಪ್ಲಿಂಗ್, ಅದು ಜಾರದೆ ತಿರುಗಲು ಕೀ, ಆ ಕೀ ಕೂರಲು ಶಾಫ್ಟ್‌ನಲ್ಲಿ ತೆಗೆದ ಗಾಡಿಯೇ ಕೀವೇ. ಹೊರೆ ಏರುಪೇರಿಲ್ಲದೆ ಬರುತ್ತದೆ ಎಂದುಕೊಳ್ಳೋಣ. ಕ್ರಷರ್‌ನಂಥ ಯಂತ್ರವಾದರೆ ಅಥವಾ ಮೋಟರ್ ನೇರವಾಗಿ ಸ್ಟಾರ್ಟ್ ಆಗುವುದಾದರೆ ಮೊದಲೇ ಟಾರ್ಕನ್ನು ತಕ್ಕ ಫ್ಯಾಕ್ಟರ್‌ನಿಂದ ಗುಣಿಸಿಕೊಳ್ಳಬೇಕು. ಅದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

```
T = 9550 × P / n = 9550 × 75 / 300 ≈ 2387 N·m
d³ = 16 T / (π τ),  τ = 40 MPa  →  d ≈ 67.2 mm
```

ಕೀವೇ ಇರುವ ಸಾಮಾನ್ಯ ಉಕ್ಕಿನ ಶಾಫ್ಟ್‌ಗೆ 40 ಮೆಗಾಪಾಸ್ಕಲ್ ಶಿಯರ್ ಸ್ಟ್ರೆಸ್ ಬಹಳ ಕಾಲದಿಂದ ಬಳಕೆಯಲ್ಲಿರುವ ಮಿತಿ. ಉತ್ತರ 67.2 ಬಂದರೆ 70 ಮಿ.ಮೀ. ಹಿಡಿಯುತ್ತೇವೆ, ಆ ಅಳತೆಗೆ ಬೇರಿಂಗ್ ಸಿಗುತ್ತದೆ. ಮೀಟರಿಗೆ 30.2 ಕಿಲೋ. ಮೇಲ್ಮೈಯಲ್ಲಿ ಸ್ಟ್ರೆಸ್ 35.4 ಮೆಗಾಪಾಸ್ಕಲ್.

ಇದೇ ತೂಕದ ಟೊಳ್ಳು ಶಾಫ್ಟ್ ಬೇಕು. ಒಳ ವ್ಯಾಸವನ್ನು ಹೊರ ವ್ಯಾಸದಿಂದ ಭಾಗಿಸಿದ್ದನ್ನು k ಎನ್ನೋಣ. ತೂಕ ಒಂದೇ ಎಂದರೆ ಅಡ್ಡಕೊಯ್ತದ ವಿಸ್ತೀರ್ಣವೂ ಒಂದೇ. ಅಲ್ಲಿಂದ ಎರಡು ಸೂತ್ರ ಬರುತ್ತವೆ:

```
D = d / √(1 − k²)
T_hollow / T_solid = (1 + k²) / √(1 − k²)
```

k 0.5 ಆದರೆ ಶಕ್ತಿ 1.44 ಪಟ್ಟು, 0.6 ಆದರೆ 1.7 ಪಟ್ಟು, 0.8 ಆದರೆ 2.7 ಪಟ್ಟು. k ಒಂದರ ಹತ್ತಿರ ಹೋದ ಹಾಗೆ ಈ ಸಂಖ್ಯೆ ಮಿತಿಯೇ ಇಲ್ಲದೆ ಏರುತ್ತದೆ. ಇದನ್ನು ನೋಡಿದ ಹೊಸ ಎಂಜಿನಿಯರ್ ನೇರವಾಗಿ 0.8ಕ್ಕೆ ಕೈ ಹಾಕುತ್ತಾನೆ. ಸೂತ್ರದಲ್ಲಿ ಅವನನ್ನು ತಡೆಯುವಂಥದ್ದು ಏನೂ ಇಲ್ಲ. ತಡೆಯುವುದು ಶಾಫ್ಟ್‌ನ ತುದಿ.

0.8 ಹಿಡಿದರೆ ಹೊರ ವ್ಯಾಸ 116.7 ಮಿ.ಮೀ., ಒಳ ವ್ಯಾಸ 93.3. ಗೋಡೆಯ ದಪ್ಪ 11.7 ಮಿ.ಮೀ. ನೋಡಲು ಚೆನ್ನಾಗಿಯೇ ಇದೆ. ಈಗ ಕೀ ಕೋಷ್ಟಕ ತೆರೆಯಿರಿ. 110ರಿಂದ 130 ಮಿ.ಮೀ. ಶಾಫ್ಟ್‌ಗೆ ಮೆಟ್ರಿಕ್ ಪ್ರಮಾಣದ ಕೀ 32 × 18, ಶಾಫ್ಟ್‌ನಲ್ಲಿ ಕೀವೇ ಆಳ 11 ಮಿ.ಮೀ. ಕೀವೇ ಕೆಳಗೆ ಉಳಿಯುವ ಗೋಡೆ 0.7 ಮಿ.ಮೀ. ಮಿಲ್ಲಿಂಗ್ ಕಟರ್ ಚೂರು ಕೆಳಗಿಳಿದರೂ ಸಾಕು, ಅದು ಕೀವೇ ಅಲ್ಲ, ಕಿಟಕಿ. ಲೆಕ್ಕದಲ್ಲಿ 2.7 ಪಟ್ಟು ಬಲ ಇರುವ ಶಾಫ್ಟ್‌ಗೆ ಆ ಬಲವನ್ನು ತುಂಬುವ ದಾರಿಯೇ ಇರುವುದಿಲ್ಲ.

ಆದ್ದರಿಂದ ನಾನು k ಆರಿಸುವುದು ಬಲದ ಸೂತ್ರದಿಂದಲ್ಲ, ಕೀವೇಯಿಂದ. ಗೋಡೆ ಕೀವೇ ಆಳದ ಕನಿಷ್ಠ ಎರಡು ಪಟ್ಟಿನ ಹತ್ತಿರ ಇರಲಿ ಅನ್ನುವುದು ನನ್ನ ಅಭ್ಯಾಸ. ಇದು ಯಾವ ಕೋಡ್‌ನ ನಿಯಮವೂ ಅಲ್ಲ. ಆದರೆ ಈ ಲೆಕ್ಕ ಇಟ್ಟುಕೊಂಡರೆ k ತಾನಾಗಿ 0.6ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

0.6ಕ್ಕೆ ಹೊರ ವ್ಯಾಸ 87.5, ಒಳ ವ್ಯಾಸ 52.5. ಆದರೆ 87.5ಕ್ಕೆ ಕ್ಯಾಟಲಾಗ್‌ನಲ್ಲಿ ಸಾಮಾನ್ಯ ಬೇರಿಂಗ್ ಇಲ್ಲ. 90/55 ಮಾಡೋಣ. ತೂಕ ಮೀಟರಿಗೆ 31.3 ಕಿಲೋ, ಗಟ್ಟಿ ಶಾಫ್ಟ್‌ಗಿಂತ 3.6% ಜಾಸ್ತಿ. ಸಮಾನ ತೂಕ ಅನ್ನುವುದನ್ನು ಇಷ್ಟರ ಮಟ್ಟಿಗೆ ಸಡಿಲಿಸದಿದ್ದರೆ ಕಾಗದದ ಮೇಲಿನ ಶಾಫ್ಟ್ ಯಂತ್ರಕ್ಕೆ ಕೂರುವುದಿಲ್ಲ. ಗೋಡೆ 17.5 ಮಿ.ಮೀ. ಈ ವ್ಯಾಸಕ್ಕೆ ಕೀ 25 × 14, ಕೀವೇ ಆಳ 9 ಮಿ.ಮೀ. ಕೆಳಗೆ 8.5 ಮಿ.ಮೀ. ಉಕ್ಕು ಉಳಿಯುತ್ತದೆ. ನನ್ನ ಎರಡು ಪಟ್ಟಿಗೆ ಕೂದಲೆಳೆ ಕಡಿಮೆ, ಪರವಾಗಿಲ್ಲ. ಏಕೆಂದರೆ ಮೇಲ್ಮೈ ಸ್ಟ್ರೆಸ್ 35.4ರಿಂದ 19.4ಕ್ಕೆ ಇಳಿದಿದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಪವರ್ ಮತ್ತು ವೇಗ ಮೊದಲೇ ನಿಗದಿಯಾಗಿವೆ. 2387 ನ್ಯೂಟನ್ ಮೀಟರ್ ಸಾಕು. ಹಾಗಾದರೆ ಈ 1.8 ಪಟ್ಟು ಬಲ ಇಟ್ಟುಕೊಂಡು ಮಾಡುವುದೇನು? ಬರೀ ಬಲಕ್ಕಾಗಿ ನೋಡಿದರೆ ಏನೂ ಇಲ್ಲ. ಗಟ್ಟಿ ಶಾಫ್ಟ್ ಕೂಡ ಮುರಿಯುತ್ತಿರಲಿಲ್ಲ. ಸಮಾನ ತೂಕದ ಟೊಳ್ಳು ಶಾಫ್ಟ್‌ನ ನಿಜವಾದ ಲಾಭ ಬಿಗಿತದಲ್ಲಿದೆ.

3 ಮೀಟರ್ ಉದ್ದಕ್ಕೆ ಗಟ್ಟಿ ಶಾಫ್ಟ್ ಸುಮಾರು 2.2 ಡಿಗ್ರಿ ತಿರುಚಿಕೊಳ್ಳುತ್ತದೆ. ಇಪ್ಪತ್ತು ವ್ಯಾಸದಷ್ಟು ಉದ್ದಕ್ಕೆ ಒಂದು ಡಿಗ್ರಿ ಮೀರಬಾರದು ಅನ್ನುವ ಹಳೆಯ ಮಿತಿಗೆ ಹೋಲಿಸಿದರೆ ಅದು ಗಡಿಯ ಮೇಲೆಯೇ ನಿಂತಿದೆ. 90/55 ಟೊಳ್ಳು ಶಾಫ್ಟ್ ತಿರುಚಿಕೊಳ್ಳುವುದು 0.93 ಡಿಗ್ರಿ. ಸ್ವಂತ ತೂಕಕ್ಕೆ ನಡುವಿನಲ್ಲಿ ಜೋಲುವುದೂ 1.3 ಮಿ.ಮೀ.ನಿಂದ ಸುಮಾರು 0.6ಕ್ಕೆ ಇಳಿಯುತ್ತದೆ. ಕ್ರಿಟಿಕಲ್ ಸ್ಪೀಡ್, ಅಂದರೆ ಶಾಫ್ಟ್ ಬಿಲ್ಲಿನಂತೆ ಬಾಗಿ ಕುಣಿಯಲು ಶುರುಮಾಡುವ ವೇಗ, ಅಂದಾಜು 936ರಿಂದ 1410 ಆರ್‌ಪಿಎಂಗೆ ಏರುತ್ತದೆ. ನಮ್ಮದು 300 ಆರ್‌ಪಿಎಂ ಆದ್ದರಿಂದ ಈ ಕೊನೆಯ ಲಾಭ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವೇಗದ, ಉದ್ದದ ಶಾಫ್ಟ್ ಆದರೆ ಟೊಳ್ಳು ಮಾಡಲು ಅದೊಂದೇ ಕಾರಣ ಸಾಕು.

ಶಾಫ್ಟ್ ಗಿಡ್ಡವಿದ್ದು ತಿರುಚುವಿಕೆಯೂ ಜೋಲುವಿಕೆಯೂ ಸಮಸ್ಯೆಯಲ್ಲ ಎಂದಾದರೆ ಸಮಾನ ತೂಕದ ಹಟ ಬಿಡಿ. ಸಮಾನ ಬಲಕ್ಕೆ ಲೆಕ್ಕ ಹಾಕಿ, ತೂಕ ಇಳಿಸಿ. 67.2 ಮಿ.ಮೀ. ಗಟ್ಟಿ ಶಾಫ್ಟ್‌ನ ಬಲವೇ ಸಾಕು ಎಂದಾದರೆ k 0.6ಕ್ಕೆ ಹೊರ ವ್ಯಾಸ 70.4, ಒಳ ವ್ಯಾಸ 42 ಆಗುತ್ತದೆ. ತೂಕ 30% ಕಡಿಮೆ. ವ್ಯಾಸ ಬರೀ 3 ಮಿ.ಮೀ. ಹೆಚ್ಚಿತು ಅಷ್ಟೇ, ಕಪ್ಲಿಂಗ್ ಮತ್ತು ಬೇರಿಂಗ್ ದೊಡ್ಡದು ಮಾಡಬೇಕಾದೀತೆಂಬ ಚಿಂತೆ ಇಲ್ಲ. ಆದರೆ ಇಲ್ಲೂ ಕೀವೇ ಪರೀಕ್ಷೆ ಬಿಡಬೇಡಿ. ಗೋಡೆ 14 ಮಿ.ಮೀ., ಕೀವೇ ಆಳ 7.5. ಉಳಿಯುವುದು 6.5. ಸ್ಟ್ರೆಸ್ ಬೇರೆ ಮಿತಿಗೆ ತಾಗಿಕೊಂಡೇ ಇರುತ್ತದೆ. ಇಂಥ ಕಡೆ ನಾನು k ಅನ್ನು 0.5ಕ್ಕೆ ಇಳಿಸುತ್ತೇನೆ.

ಇನ್ನು ಉಕ್ಕು ಎಲ್ಲಿಂದ ಬರುತ್ತದೆ ಅನ್ನುವ ಮಾತು. 90 ಮಿ.ಮೀ. ಗಟ್ಟಿ ಬಾರ್ ತಂದು 55ರ ತೂತು ಕೊರೆಯುವುದಾದರೆ ಮೀಟರಿಗೆ ಸುಮಾರು 50 ಕಿಲೋ ಕೊಂಡು, 18 ಕಿಲೋಗೂ ಹೆಚ್ಚು ಚಿಪ್ಸ್ ಆಗಿ ಎಸೆಯುತ್ತೀರಿ. 3 ಮೀಟರ್ ಉದ್ದಕ್ಕೆ ಡೀಪ್ ಹೋಲ್ ಡ್ರಿಲ್ಲಿಂಗ್ ಬೇರೆ ಬೇಕು. ಆಗ ತೂಕ ಸಮಾನ, ಖರ್ಚು ಸಮಾನವಲ್ಲ. ದಪ್ಪ ಗೋಡೆಯ ಸೀಮ್‌ಲೆಸ್ ಟ್ಯೂಬ್ ಸಿಕ್ಕರೆ ಮಾತ್ರ ಈ ಯೋಜನೆಗೆ ಅರ್ಥ.

ಟ್ಯೂಬ್ ಅಂದಮೇಲೆ ಒಂದು ಪೀಡೆ ಇದ್ದೇ ಇದೆ: ಒಳ ತೂತು ಹೊರ ಮೈಗೆ ನಟ್ಟನಡುವೆ ಇರುವುದಿಲ್ಲ. ಹೊರ ಮೈಯನ್ನು ಲೇತ್‌ನಲ್ಲಿ ಎಷ್ಟೇ ನಯವಾಗಿ ತಿರುಗಿಸಿದರೂ ತೂತು ಇದ್ದಲ್ಲೇ ಇರುತ್ತದೆ. ನಮ್ಮ 90/55ರಲ್ಲಿ ತೂತು 1 ಮಿ.ಮೀ. ಸರಿದಿದ್ದರೆ ತೂಕದ ಕೇಂದ್ರ 0.6 ಮಿ.ಮೀ. ಆಚೆ ಹೋಗುತ್ತದೆ. 300 ಆರ್‌ಪಿಎಂನಲ್ಲಿ ಅದರಿಂದ ಹುಟ್ಟುವ ಎಳೆತ ಮೀಟರಿಗೆ 20 ನ್ಯೂಟನ್‌ಗಿಂತ ಕಡಿಮೆ, ಬೇರಿಂಗ್‌ಗೆ ಗೊತ್ತೂ ಆಗುವುದಿಲ್ಲ. ವೇಗ ಹತ್ತು ಪಟ್ಟಾದರೆ ಎಳೆತ ನೂರು ಪಟ್ಟಾಗುತ್ತದೆ, ಆಗ ಬ್ಯಾಲೆನ್ಸ್ ಮಾಡದೆ ಓಡಿಸುವ ಹಾಗಿಲ್ಲ. ಕೀವೇ ದೃಷ್ಟಿಯಿಂದ ಮಾತ್ರ ಆ 1 ಮಿ.ಮೀ. ಎಲ್ಲ ವೇಗದಲ್ಲೂ ಮುಖ್ಯ. ಕೀವೇ ತೆಳು ಬದಿಯಲ್ಲಿ ಬಿದ್ದರೆ ಕೆಳಗಿನ 8.5 ಮಿ.ಮೀ. 7.5 ಆಗಿರುತ್ತದೆ. ಮಿಲ್ಲಿಂಗ್‌ಗೆ ಮೊದಲು ಅಲ್ಟ್ರಾಸಾನಿಕ್ ಥಿಕ್‌ನೆಸ್ ಗೇಜ್ ಹಿಡಿದು ಸುತ್ತ ನಾಲ್ಕು ಕಡೆ ಅಳೆಯಿರಿ. ದಪ್ಪ ಬದಿಗೆ ಚಾಕ್‌ನಿಂದ ಗುರುತು ಹಾಕಿ, ಕೀವೇಯನ್ನು ಅಲ್ಲೇ ತೆಗೆಸಿ.

ಗೋಡೆ ಸಾಲದಿದ್ದರೆ ಅದು ಹೇಗೆ ಗೊತ್ತಾಗುತ್ತದೆ? ಮೊದಲ ಸುಳಿವು ಕಪ್ಲಿಂಗ್ ಹಬ್‌ನ ಅಂಚಿನಲ್ಲಿ ಕಾಣುವ ಕೆಂಗಂದು ಪುಡಿ. ಕೀವೇ ಕೆಳಗಿನ ತೆಳು ಗೋಡೆ ಪ್ರತಿ ಹೊರೆಗೂ ಚೂರು ಒಳಗೆ ಬಾಗುತ್ತದೆ, ಹಬ್‌ನ ಹಿಡಿತ ಸಡಿಲವಾಗಿ ಲೋಹ ಲೋಹಕ್ಕೆ ಉಜ್ಜುತ್ತದೆ. ಹೊಸ ಕೀ ಹಾಕಿದರೆ ಕೆಲವು ದಿನ ಸರಿ ಇದ್ದು ಮತ್ತೆ ಲಟಪಟ. ಕಡೆಗೆ ಕೀವೇಯ ಒಳ ಮೂಲೆಯಿಂದ ಬಿರುಕು ಹೊರಟು, ಶಾಫ್ಟ್‌ನ ಸುತ್ತ ಓರೆಯಾಗಿ, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಸಾಗುತ್ತದೆ. ಕೀವೇ ತಳದಿಂದ ತೂತಿನ ಕಡೆಗೆ ಹೋಗುವ ಬಿರುಕು ಹೊರಗಿನಿಂದ ಕಾಣುವುದೇ ಇಲ್ಲ. ಕಪ್ಲಿಂಗ್ ಕಳಚಿದಾಗಲೆಲ್ಲ ಕೀವೇ ಮೂಲೆಗಳಿಗೆ ಡೈ ಪೆನೆಟ್ರಂಟ್ ಹಚ್ಚಿ ನೋಡುವುದು ಒಳ್ಳೆಯದು.

k 0.8 ಬೇಕೇ ಬೇಕು, ಅಷ್ಟು ಬಿಗಿತ ಇಲ್ಲದೆ ಯಂತ್ರ ನಡೆಯುವುದಿಲ್ಲ ಎಂದಾದರೆ ದಾರಿ ಇದೆ: ತೆಳು ಟ್ಯೂಬ್‌ಗೆ ಕೀವೇ ತೆಗೆಯದೇ ಇರುವುದು. ಎರಡೂ ತುದಿಗೆ ಗಟ್ಟಿ ತುಂಡು ಕೂರಿಸಿ ಸುತ್ತ ವೆಲ್ಡ್ ಮಾಡಿ, ಬೇರಿಂಗ್ ಮತ್ತು ಕೀಯನ್ನು ಆ ತುಂಡಿನ ಮೇಲೆ ಇಡುತ್ತಾರೆ. ಲಾರಿಗಳ ಪ್ರೊಪೆಲ್ಲರ್ ಶಾಫ್ಟ್‌ಗಳಲ್ಲಿ ತೆಳು ಟ್ಯೂಬಿನ ತುದಿಗೆ ಯೋಕ್ ವೆಲ್ಡ್ ಮಾಡಿರುವುದು ಇದೇ ಉಪಾಯ. ಆಗ ತುದಿಯ ಗಟ್ಟಿ ತುಂಡನ್ನು ಗಟ್ಟಿ ಶಾಫ್ಟ್ ಎಂದೇ ಲೆಕ್ಕ ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಅದು ಮತ್ತೆ 70 ಮಿ.ಮೀ. ವೆಲ್ಡ್‌ನ ಫ್ಯಾಟಿಗ್ ಬಲ ಮೂಲ ಉಕ್ಕಿಗಿಂತ ಕಡಿಮೆ. ಆದರೆ ವೆಲ್ಡ್ ಇರುವ ಕಡೆ ವ್ಯಾಸ ದೊಡ್ಡದು, ಸ್ಟ್ರೆಸ್ ಕಡಿಮೆ. 116.7 ಮಿ.ಮೀ. ಟ್ಯೂಬ್‌ನಲ್ಲಿ ಅದು ಸುಮಾರು 13 ಮೆಗಾಪಾಸ್ಕಲ್ ಮಾತ್ರ. ಗೋಡೆಯ ಪೂರ್ತಿ ದಪ್ಪಕ್ಕೆ ವೆಲ್ಡ್ ಇಳಿದಿದ್ದರೆ, ವೆಲ್ಡ್ ಆದಮೇಲೆ ತುದಿಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ತಿರುಗಿಸಿದ್ದರೆ, ಈ ಶಾಫ್ಟ್ ಬಗ್ಗೆ ನನಗೆ ತಕರಾರಿಲ್ಲ.