ಹೈಪರ್‌ರೆಸ್ಪಾಂಡರ್: ಮೊಟ್ಟೆ ತಿಂದರೆ ಯಾರ ಎಲ್‌ಡಿಎಲ್ ಏರುತ್ತದೆ?

ಆಹಾರದಿಂದ ಬರುವ ಕೊಲೆಸ್ಟರಾಲ್‌ಗೆ ಉಳಿದವರಿಗಿಂತ ಬಹಳ ಹೆಚ್ಚಾಗಿ ಸ್ಪಂದಿಸಿ, ರಕ್ತದ ಕೊಲೆಸ್ಟರಾಲ್ ಗಣನೀಯವಾಗಿ ಏರುವ ವ್ಯಕ್ತಿಯನ್ನು ಪೌಷ್ಟಿಕಶಾಸ್ತ್ರದಲ್ಲಿ ಹೈಪರ್‌ರೆಸ್ಪಾಂಡರ್ ಎನ್ನುತ್ತಾರೆ. ಅಪರೂಪಕ್ಕೆ ಒಂದು ಆಮ್ಲೆಟ್ ತಿನ್ನುವವರಿಗೆ ಈ ಪದದಿಂದ ಆಗಬೇಕಾದದ್ದು ಏನೂ ಇಲ್ಲ. ಆದರೆ ಪ್ರೋಟೀನಿಗೆಂದು ದಿನಕ್ಕೆ ಆರು, ಎಂಟು ಮೊಟ್ಟೆಗಳನ್ನು ಹಳದಿಯ ಸಮೇತ ತಿನ್ನುವ ಜಿಮ್ ಅಭ್ಯಾಸಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟರಾಲ್ ಇರುತ್ತದೆ ಮತ್ತು ಅದಷ್ಟೂ ಹಳದಿಯಲ್ಲೇ ಇರುತ್ತದೆ. ನಮ್ಮ ಕರುಳು ತಿಂದ ಕೊಲೆಸ್ಟರಾಲ್‌ನಲ್ಲಿ ಸರಾಸರಿ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆಯಾದರೂ ಈ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಹೀರಿದ್ದು ಹೆಚ್ಚಾದಾಗ ಯಕೃತ್ತು ತನ್ನ ಸ್ವಂತ ತಯಾರಿಕೆಯನ್ನು ತಗ್ಗಿಸಿ ಲೆಕ್ಕ ಸರಿದೂಗಿಸಲು ಯತ್ನಿಸುತ್ತದೆ. ಹೆಚ್ಚಿನವರಲ್ಲಿ ಮೊಟ್ಟೆಯ ಪರಿಣಾಮ ಸಣ್ಣದಾಗಿ ಕಾಣುವುದು ಇದರಿಂದಲೇ. ಹೀರಿಕೆ ಹೆಚ್ಚಾಗಿದ್ದು ಈ ಹೊಂದಾಣಿಕೆ ದುರ್ಬಲವಾಗಿರುವವರಲ್ಲಿ ಮಾತ್ರ, ಕೊಲೆಸ್ಟರಾಲ್ ಹೊತ್ತು ರಕ್ತದಲ್ಲಿ ಸಾಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗಿ, ಆ ಕಣಗಳು ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತವೆ. ಅಪಧಮನಿಯ ಗೋಡೆಯೊಳಗೆ ಸೇರಿ ಗಟ್ಟಿ ಪದರ ಕಟ್ಟುವ ಕಣಗಳು ಇವೇ.

ಇದಕ್ಕೆ ತದ್ವಿರುದ್ಧವಾದ ದೇಹದ ಉದಾಹರಣೆ ವೈದ್ಯಕೀಯ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ದಿನಕ್ಕೆ 25 ಮೊಟ್ಟೆ ತಿನ್ನುತ್ತಿದ್ದ, ಆದರೂ ರಕ್ತದ ಕೊಲೆಸ್ಟರಾಲ್ ಸಹಜವಾಗಿಯೇ ಇದ್ದ 88 ವರ್ಷದ ಅಮೆರಿಕದ ವೃದ್ಧರೊಬ್ಬರ ವರದಿಯನ್ನು ಡಾ. ಫ್ರೆಡ್ ಕರ್ನ್ 1991ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದಾಗ ಅವರ ಕರುಳು ಶೇ. 18ರಷ್ಟನ್ನು ಮಾತ್ರ ಹೀರುತ್ತಿತ್ತು, ಯಕೃತ್ತು ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಬದಲಿಸುವ ವೇಗವೂ ಹೆಚ್ಚಾಗಿತ್ತು. ‘ಎಷ್ಟು ತಿಂದರೂ ಏನೂ ಆಗುವುದಿಲ್ಲ’ ಎನ್ನುವವರು ಇಂಥ ಕಥೆಯನ್ನು ಮುಂದಿಡುತ್ತಾರೆ; ಆದರೆ ಅದು ಆ ವೃದ್ಧರ ಕರುಳಿನ ಕಥೆ, ನಿಮ್ಮದಲ್ಲ.

ನಿಮ್ಮದನ್ನು ತಿಳಿಯಲು ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆ ಸಾಕು. ದಿನಕ್ಕೆ ಆರು ಪೂರ್ತಿ ಮೊಟ್ಟೆ ತಿನ್ನುವ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಅದರಿಂದ ಸಿಗುವುದು ಸುಮಾರು 36 ಗ್ರಾಂ ಪ್ರೋಟೀನ್ ಮತ್ತು 1,100 ಮಿಲಿಗ್ರಾಂಗೂ ಮೀರಿದ ಕೊಲೆಸ್ಟರಾಲ್. ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ ಡೆಸಿಲೀಟರಿಗೆ 236 ಮಿಲಿಗ್ರಾಂ, ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 46, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 100 ಎಂದಿದ್ದರೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಎಚ್‌ಡಿಎಲ್ಲನ್ನೂ ಒಟ್ಟಿನಿಂದ ಕಳೆದು ಎಲ್‌ಡಿಎಲ್ 170 ಎಂದು ಲ್ಯಾಬ್ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 100ರ ಒಳಗಿರಬೇಕೆಂದು ಹೇಳುವ ಸಂಖ್ಯೆ ಇದು. ಈಗ ಅವನು ಎರಡು ಪೂರ್ತಿ ಮೊಟ್ಟೆ ಮತ್ತು ಏಳು ಮೊಟ್ಟೆಗಳ ಬಿಳಿಭಾಗಕ್ಕೆ ಬದಲಾಯಿಸಿಕೊಂಡರೆ ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಕೊಲೆಸ್ಟರಾಲ್ ಮಾತ್ರ ಮೂರನೇ ಒಂದಕ್ಕೆ ಇಳಿಯುತ್ತದೆ. ಆರು ವಾರಗಳ ನಂತರ ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿದಾಗ ಎಲ್‌ಡಿಎಲ್ 130ರ ಆಸುಪಾಸಿಗೆ ಬಂದಿದ್ದರೆ ಅವನು ಹೈಪರ್‌ರೆಸ್ಪಾಂಡರ್ ಆಗಿರುವ ಸಾಧ್ಯತೆ ಬಲವಾಗಿದೆ.

ಈ ಪ್ರಯೋಗ ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಹಳದಿಯ ಜೊತೆಗೆ ಬೇರೆಯದೂ ಬದಲಾಗಿಬಿಡುತ್ತದೆ. ಬೆಣ್ಣೆ, ತುಪ್ಪದಲ್ಲಿ ಕರಿದ ಆಮ್ಲೆಟ್ ಬಿಟ್ಟು ಬೇಯಿಸಿದ ಮೊಟ್ಟೆಗೆ ಬಂದವನಿಗೆ ಇಳಿದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಬೆಣ್ಣೆ, ತುಪ್ಪದಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಯಕೃತ್ತಿನ ಆ ಎಲ್‌ಡಿಎಲ್ ಗ್ರಾಹಕಗಳನ್ನು ಇನ್ನೂ ಹೆಚ್ಚು ತಗ್ಗಿಸುತ್ತದೆ. ಆದ್ದರಿಂದ ಆರು ವಾರ ಅಡುಗೆಯ ಕೊಬ್ಬು, ಮಾಂಸ, ದೇಹದ ತೂಕ ಮೊದಲಿನಂತೆಯೇ ಇರಬೇಕು.

ಹೈಪರ್‌ರೆಸ್ಪಾಂಡರ್‌ಗಳಲ್ಲಿ ಎಚ್‌ಡಿಎಲ್ ಕೂಡ ಸ್ವಲ್ಪ ಏರುವುದರಿಂದ ಎರಡರ ಅನುಪಾತ ಕೆಡುವುದಿಲ್ಲ, ಹಾಗಾಗಿ ಚಿಂತೆಯಿಲ್ಲ ಎಂಬ ವಾದ ಜಿಮ್‌ಗಳಲ್ಲಿ ಚಾಲ್ತಿಯಲ್ಲಿದೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಎಚ್‌ಡಿಎಲ್ಲನ್ನು ಔಷಧಿಯಿಂದ ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತಗಳು ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ. ಎಲ್‌ಡಿಎಲ್ ಇಳಿಸಿದಾಗ ಕಡಿಮೆಯಾದವು. ವ್ಯಾಯಾಮದಿಂದ ರಕ್ತದೊತ್ತಡ, ಸಕ್ಕರೆ ಸುಧಾರಿಸುವುದು ನಿಜವಾದರೂ ಏರಿದ ಎಲ್‌ಡಿಎಲ್ಲನ್ನು ಅದು ಅಷ್ಟಾಗಿ ಇಳಿಸುವುದಿಲ್ಲ.

ಹಳದಿ ತಗ್ಗಿಸಿದರೂ ಸಂಖ್ಯೆ ಕದಲದಿದ್ದರೆ ಮೊಟ್ಟೆಯನ್ನು ದೂರುವುದು ಬಿಟ್ಟು ಬೇರೆ ಕಡೆ ಹುಡುಕಬೇಕು. ಥೈರಾಯ್ಡ್ ಕೊರತೆ ಎಲ್‌ಡಿಎಲ್ಲನ್ನು ಏರಿಸುತ್ತದೆ. ಸ್ನಾಯು ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್‌ಗಳು ಎಲ್‌ಡಿಎಲ್ಲನ್ನು ಏರಿಸುವುದರ ಜೊತೆಗೆ ಎಚ್‌ಡಿಎಲ್ಲನ್ನು ಪಾತಾಳಕ್ಕೆ ಇಳಿಸುತ್ತವೆ, ಈ ವಿಷಯವನ್ನು ವೈದ್ಯರಿಂದ ಮುಚ್ಚಿಟ್ಟರೆ ವರದಿಯ ಅರ್ಥವೇ ತಪ್ಪುತ್ತದೆ. ಎಲ್‌ಡಿಎಲ್ 190 ಅಥವಾ ಅದಕ್ಕೂ ಮೇಲಿದ್ದರೆ, ಸುಮಾರು 250 ಜನರಲ್ಲಿ ಒಬ್ಬರಿಗಿರುವ ಆನುವಂಶಿಕ ದೋಷವನ್ನು ವೈದ್ಯರು ಶಂಕಿಸುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಔಷಧಿ ಬೇಕಾಗುತ್ತದೆ, ಒಡಹುಟ್ಟಿದವರ ರಕ್ತವನ್ನೂ ಪರೀಕ್ಷಿಸಬೇಕಾಗುತ್ತದೆ.