ಕುಡಿತ ಬಿಟ್ಟ ಮೇಲೂ ಏರುವ ಕಾಮಾಲೆ

ಹತ್ತು ವರ್ಷದಿಂದ ದಿನಾ ಒಂದು ಕ್ವಾರ್ಟರ್ ಕುಡಿಯುತ್ತಿದ್ದ 42ರ ವ್ಯಕ್ತಿಯೊಬ್ಬರನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಊಟ ಸೇರುವುದಿಲ್ಲ, ಹೊಟ್ಟೆ ತೊಳಸುತ್ತದೆ, ಕೊನೆಗೆ ಕುಡಿಯಲೂ ಆಗದೆ ಅವರೇ ಬಿಡುತ್ತಾರೆ. ವಾರ ಕಳೆಯುವುದರೊಳಗೆ ಕಣ್ಣು ಹಳದಿಯಾಗುತ್ತದೆ. "ಕುಡೀತಿದ್ದಾಗ ಚೆನ್ನಾಗೇ ಇದ್ದರು, ಬಿಟ್ಟಿದ್ದಕ್ಕೇ ಹೀಗಾಯ್ತು" ಎನ್ನುತ್ತಾರೆ ಮನೆಯವರು. ಈ ತಪ್ಪು ತಿಳಿವಳಿಕೆಯಿಂದ ಕೆಲವರು ಮತ್ತೆ ಕುಡಿಯಲು ಶುರುಮಾಡುವುದೂ ಉಂಟು.

180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಾ ಅಷ್ಟು ಕುಡಿಯುವ ಬಹುಪಾಲು ಜನರ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ನೋವಿಲ್ಲ, ಗುರುತಿಲ್ಲ, ಕುಡಿತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಕೊಬ್ಬು ಕರಗುತ್ತದೆ. ನಿಲ್ಲಿಸದಿದ್ದರೆ ಕೆಲವರಲ್ಲಿ ಗಾಯದ ಕಲೆಯಂಥ ನಾರು ಬೆಳೆದು, ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದೇ ಸಿರೋಸಿಸ್. ನಮ್ಮ ಉದಾಹರಣೆಯ ವ್ಯಕ್ತಿಗೆ ಬಂದಿರುವ ಆಲ್ಕೋಹಾಲಿಕ್ ಹೆಪಟೈಟಿಸ್ ಈ ಮೆಟ್ಟಿಲುಗಳ ನಡುವಿನ ಒಂದು ಮೆಟ್ಟಿಲಲ್ಲ. ಯಾವ ಹಂತದಲ್ಲಾದರೂ ಭುಗಿಲೇಳಬಹುದಾದ ಉರಿಯೂತ ಅದು. ತೀವ್ರ ರೂಪದಲ್ಲಿ ಬಂದವರಲ್ಲಿ ಹೆಚ್ಚಿನವರಿಗೆ ಅಷ್ಟರಲ್ಲಾಗಲೇ ಒಳಗೊಳಗೇ ಸಿರೋಸಿಸ್ ಇರುತ್ತದೆ.

ರಕ್ತದಲ್ಲಿನ ಆಲ್ಕೋಹಾಲ್ ಒಂದು ದಿನದಲ್ಲಿ ಖಾಲಿಯಾಗುತ್ತದೆ, ಆದರೆ ಉರಿಯೂತ ಅಷ್ಟು ಬೇಗ ಆರುವುದಿಲ್ಲ. ಮದ್ಯದಿಂದ ಕರುಳಿನ ಗೋಡೆ ಸಡಿಲಗೊಂಡು ಬ್ಯಾಕ್ಟೀರಿಯಾದ ವಿಷಾಂಶಗಳು ಲಿವರ್‌ಗೆ ಸೋರಿರುತ್ತವೆ. ಅವುಗಳ ವಿರುದ್ಧ ಮುಗಿಬಿದ್ದ ಬಿಳಿ ರಕ್ತಕಣಗಳು ಲಿವರ್ ಕೋಶಗಳನ್ನೂ ಹಾಳುಮಾಡುತ್ತಿರುತ್ತವೆ. ಹಾಗಾಗಿ ಕಾಮಾಲೆ ಬಂದದ್ದು ಬಿಟ್ಟಿದ್ದರಿಂದಲ್ಲ, ಬಿಡುವ ಮೊದಲು ಕುಡಿದದ್ದರಿಂದ. ಕೊನೆಯ ಗುಟುಕಿನ ನಂತರ ಎಂಟು ವಾರಗಳೊಳಗೆ ಕಾಣಿಸಿಕೊಂಡರೂ ವೈದ್ಯರು ಈ ರೋಗವನ್ನೇ ಶಂಕಿಸುತ್ತಾರೆ.

ರೋಗ ಎಷ್ಟು ತೀವ್ರ ಎಂದು ಅಳೆಯಲು ಎರಡು ರಕ್ತಪರೀಕ್ಷೆ ಸಾಕು. ನಮ್ಮ ಉದಾಹರಣೆಯ ವ್ಯಕ್ತಿಯ ರಕ್ತದಲ್ಲಿ ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಡೆಸಿಲೀಟರ್‌ಗೆ 12 ಮಿಲಿಗ್ರಾಂ ಎಂದುಕೊಳ್ಳೋಣ. ರಕ್ತ ಹೆಪ್ಪುಗಟ್ಟುವ ಸಮಯ, ಅಂದರೆ ಪ್ರೋಥ್ರಾಂಬಿನ್ ಟೈಮ್, 21 ಸೆಕೆಂಡ್. ಲ್ಯಾಬಿನ ಸಾಮಾನ್ಯ ಮಟ್ಟ 13. ಮ್ಯಾಡ್ರೇ ಸೂತ್ರದಂತೆ ಲೆಕ್ಕ ಹೀಗಾಗುತ್ತದೆ:

4.6 × (21 − 13) + 12 = 48.8

32 ದಾಟಿದರೆ ಅದು ತೀವ್ರ ಹೆಪಟೈಟಿಸ್. ಚಿಕಿತ್ಸೆ ಇಲ್ಲದಿದ್ದರೆ ಇಂಥವರಲ್ಲಿ ಐವರಲ್ಲಿ ಒಬ್ಬರಾದರೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಮಂದಿ, ಒಂದೇ ತಿಂಗಳಲ್ಲಿ ತೀರಿಕೊಳ್ಳುತ್ತಾರೆ.

ಸೋಂಕು, ಹೊಟ್ಟೆಯೊಳಗಿನ ರಕ್ತಸ್ರಾವ, ಕಿಡ್ನಿ ವೈಫಲ್ಯ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುಮಾಡುತ್ತಾರೆ. ಏಳನೇ ದಿನ ಮತ್ತೆ ಬಿಲಿರುಬಿನ್ ನೋಡಿ, ಅದನ್ನು ವಯಸ್ಸು, ಅಲ್ಬುಮಿನ್ ಮುಂತಾದವುಗಳ ಜೊತೆ ಸೇರಿಸಿ ಲಿಲ್ ಸ್ಕೋರ್ ಲೆಕ್ಕಹಾಕುತ್ತಾರೆ. ಅದು 0.45ಕ್ಕಿಂತ ಕಡಿಮೆಯಿದ್ದರೆ ಔಷಧಿ 28 ದಿನ ಮುಂದುವರಿಯುತ್ತದೆ. ಮೀರಿದರೆ ನಿಲ್ಲಿಸಬೇಕು, ಏಕೆಂದರೆ ಇನ್ನು ಅದರಿಂದ ಸಿಗುವುದು ಲಾಭವಲ್ಲ, ಸೋಂಕು. ಸ್ಟೀರಾಯ್ಡಿನ ಮಿತಿಯನ್ನೂ ಮುಚ್ಚಿಡದೆ ಹೇಳಬೇಕು: 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟೋಪಾ ಅಧ್ಯಯನದಲ್ಲಿ ಮೂರು ತಿಂಗಳ ಹೊತ್ತಿಗೆ ಅದರಿಂದ ಯಾವ ಉಪಕಾರವೂ ಕಾಣಲಿಲ್ಲ. ಔಷಧಿಗೆ ಬಗ್ಗದ ಕೆಲವೇ ಆಯ್ದ ರೋಗಿಗಳಿಗೆ ಲಿವರ್ ಕಸಿಯ ದಾರಿಯಿದೆ.

ನಮ್ಮಲ್ಲಿ ಕಾಮಾಲೆ ಎಂದೊಡನೆ ಪಥ್ಯ. ಬೇಳೆ ಬಿಡಿಸಿ, ಮೊಟ್ಟೆ ಬಿಡಿಸಿ, ಗಂಜಿ ಕುಡಿಸಿ, ನಾಟಿ ಔಷಧಿಗೆ ಹೋಗುತ್ತಾರೆ. ಈ ರೋಗದಲ್ಲಿ ಅದು ನೇರವಾಗಿ ಕೇಡು, ಏಕೆಂದರೆ ರೋಗಿಯ ಸ್ನಾಯು ಆಗಲೇ ಕರಗುತ್ತಿರುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು: 60 ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ರಾತ್ರಿ ಮಲಗುವ ಮುನ್ನವೂ ಏನಾದರೂ ತಿನ್ನಬೇಕು, ಏಕೆಂದರೆ ಇಂಥ ಲಿವರ್‌ಗೆ ರಾತ್ರಿಯಿಡೀ ಉಪವಾಸ ತಡೆಯುವ ದಾಸ್ತಾನು ಇರುವುದಿಲ್ಲ.

ಬಿಡುವುದೂ ಸುರಕ್ಷಿತವಾಗಿ ನಡೆಯಬೇಕು. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನದ ಹೊತ್ತಿಗೆ ಕೈ ನಡುಕದ ಜೊತೆ ಇಲ್ಲದ್ದು ಕಾಣುವ ಸ್ಥಿತಿಯೂ ಬರಬಹುದು. ಆ ಹೊತ್ತಿಗೆ ಆಸ್ಪತ್ರೆಯಲ್ಲಿರುವುದೇ ಲೇಸು. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ಕೊಡುವ ಕುಡಿತ ಬಿಡಿಸುವ ಮಾತ್ರೆಗಳನ್ನಂತೂ ಮುಟ್ಟಲೇಬಾರದು. ಇದಕ್ಕೆ ಬಳಸುವ ಡೈಸಲ್ಫಿರಾಂ ತಾನೇ ಲಿವರ್‌ಗೆ ಪೆಟ್ಟು ಕೊಡಬಲ್ಲದು.

ಮೊದಲ ತಿಂಗಳು ದಾಟಿದವರ ಮುಂದಿನ ವರ್ಷಗಳನ್ನು ನಿರ್ಧರಿಸುವುದು ಮುಖ್ಯವಾಗಿ ಮತ್ತೆ ಕುಡಿದರೇ ಇಲ್ಲವೇ ಎಂಬುದು. ಪೂರ್ತಿ ಬಿಟ್ಟವರಲ್ಲಿ ಬಿಲಿರುಬಿನ್ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲೂ ಕೆಲವರಿಗೆ ವರ್ಷದೊಳಗೆ ನೀರಿನ ಮಾತ್ರೆ ನಿಲ್ಲಿಸುವಷ್ಟು ಸುಧಾರಣೆ ಆಗುತ್ತದೆ, ಕಸಿಯ ಪಟ್ಟಿಯಿಂದ ಹೆಸರು ತೆಗೆಸಿಕೊಂಡವರೂ ಇದ್ದಾರೆ. ಆದರೆ ನಾರು ಪೂರ್ತಿ ಮಾಯುವುದಿಲ್ಲ. ಸಿರೋಸಿಸ್ ಇದ್ದವರಿಗೆ ಕ್ಯಾನ್ಸರಿನ ಅಪಾಯ ಉಳಿದೇ ಇರುವುದರಿಂದ, ಕುಡಿತ ಬಿಟ್ಟು ಎಷ್ಟು ವರ್ಷವಾದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಿರಬೇಕು.