ಉಬುಂಟು ಎಂಬ ಮಾತು ಕೋರ್ಟಿನ ಕಟ್ಟೆ ಹತ್ತಿದ ಕಥೆ

ಉಬುಂಟು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಂಪ್ಯೂಟರ್. 2004ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾ ಮೂಲದ ಉದ್ಯಮಿಯೊಬ್ಬರು ಈ ಹೆಸರಿನ ಆಪರೇಟಿಂಗ್ ಸಿಸ್ಟಂ ಹೊರತಂದರು. ಅದೇ ತಿಂಗಳಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿರುವ ಆ ದೇಶದ ಸಂವಿಧಾನ ನ್ಯಾಯಾಲಯದ ಎರಡು ತೀರ್ಪುಗಳಲ್ಲೂ ಈ ಮಾತು ಬಂತು. ಒಂದರಲ್ಲಿ 68 ಜನರ ಸೂರು ಉಳಿಯಿತು. ಇನ್ನೊಂದರಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿ ಸಿಕ್ಕಿತು. ಆದರೆ ಎರಡೂ ಕಡೆ ದಾರಿ ಒಂದೇ ಆಗಿರಲಿಲ್ಲ.

ಮೊದಲು ಮಾತನ್ನೇ ಬಿಡಿಸಿ ನೋಡೋಣ. ಜುಲು ಭಾಷೆಯಲ್ಲಿ ‘ಉಮುಂಟು’ ಅಂದರೆ ಒಬ್ಬ ಮನುಷ್ಯ, ‘ಅಬಂಟು’ ಅಂದರೆ ಜನ, ‘ಉಬುಂಟು’ ಅಂದರೆ ಮನುಷ್ಯತನ. ನಾವು ‘ತನ’ವನ್ನು ಪದದ ಕೊನೆಗೆ ಹಚ್ಚುತ್ತೇವೆ, ಅವರು ಪದದ ತಲೆಯನ್ನೇ ಬದಲಿಸುತ್ತಾರೆ. ‘ಉಮುಂಟು ಙ್ಗುಮುಂಟು ಙ್ಗಬಂಟು’ ಎಂಬುದು ಅಲ್ಲಿನ ಗಾದೆ. ಮನುಷ್ಯ ಮನುಷ್ಯನಾಗುವುದು ಜನರಿಂದ ಎಂದು ಅರ್ಥ. ಈ ಗಾದೆಯಲ್ಲಿ ‘ಮನುಷ್ಯ’ ಎರಡು ಸಲ ಬರುತ್ತದೆ, ಅಲ್ವಾ? ಮೊದಲನೆಯದು ಹುಟ್ಟಿನಿಂದ ಬಂದದ್ದು. ಎರಡನೆಯದು ಇತರರ ನಡುವೆ ಬಾಳಿ ಗಳಿಸಬೇಕಾದದ್ದು.

ವ್ಯಕ್ತಿಯ ಹಕ್ಕಿನ ವಿಚಾರ ಶುರುವಾಗುವುದು ಬೇರೆ ಕಡೆಯಿಂದ. ನೀನು ಹುಟ್ಟಿದ್ದೀಯ, ಅಷ್ಟೇ ಸಾಕು, ಹಕ್ಕು ನಿನ್ನದು. ಅದನ್ನು ಯಾರೂ ಕೊಡಬೇಕಿಲ್ಲ, ಯಾರೂ ಕಸಿಯುವಂತಿಲ್ಲ. ವರ್ಣಭೇದದ ಆಡಳಿತದಲ್ಲಿ ನರಳಿದ ಜನರಿಗೆ ಈ ಭರವಸೆ ಎಷ್ಟು ಬೇಕಾಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ 1993ರಲ್ಲಿ ಸಿದ್ಧವಾದ ಮಧ್ಯಂತರ ಸಂವಿಧಾನದಲ್ಲಿ ಹಕ್ಕುಗಳ ಅಧ್ಯಾಯದ ಜೊತೆಗೆ ಉಬುಂಟುವಿಗೂ ಜಾಗ ಸಿಕ್ಕಿತು. ಅದರ ಕೊನೆಯ ಮಾತುಗಳಲ್ಲಿ ಹೀಗಿದೆ: ಅರ್ಥಮಾಡಿಕೊಳ್ಳುವುದು ಬೇಕು, ಸೇಡು ಬೇಡ, ನಷ್ಟ ತುಂಬಿಕೊಡುವುದು ಬೇಕು, ಪ್ರತೀಕಾರ ಬೇಡ, ಉಬುಂಟು ಬೇಕು, ಬಲಿಪಶು ಮಾಡುವುದು ಬೇಡ.

ಆ ಸಾಲಿಗೆ ಮೊದಲ ಪರೀಕ್ಷೆ 1995ರಲ್ಲಿ ಬಂತು. ಮಕ್ವಾನ್ಯಾನೆ ಪ್ರಕರಣ. ನಾಲ್ಕು ಕೊಲೆಗಳಿಗಾಗಿ ಇಬ್ಬರಿಗೆ ಗಲ್ಲು ಶಿಕ್ಷೆ ಆಗಿತ್ತು. ಹನ್ನೊಂದೂ ನ್ಯಾಯಮೂರ್ತಿಗಳು ಒಮ್ಮತದಿಂದ ಮರಣದಂಡನೆಯನ್ನೇ ತೆಗೆದುಹಾಕಿದರು. ಮುಖ್ಯ ತೀರ್ಪು ಬರೆದ ಆರ್ಥರ್ ಚಾಸ್ಕಲ್ಸನ್ ನಮ್ಮ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪನ್ನೂ ಓದಿದ್ದರು. ಭಾರತದ ಸಂವಿಧಾನವು ಕಾನೂನಿನ ಪ್ರಕಾರ ಜೀವ ತೆಗೆಯುವ ಸಾಧ್ಯತೆಯನ್ನು ಒಪ್ಪುತ್ತದೆ, ದಕ್ಷಿಣ ಆಫ್ರಿಕಾದ ಸಂವಿಧಾನದ ಮಾತುಗಳು ಬೇರೆ ಎಂದು ಅವರು ಕಂಡರು. ಜೀವದ ಹಕ್ಕು, ಘನತೆಯ ಹಕ್ಕು, ಕ್ರೂರ ಶಿಕ್ಷೆಗೆ ಒಳಗಾಗದಿರುವ ಹಕ್ಕು – ಈ ವಾದದ ಮೇಲೇ ತೀರ್ಪು ನಿಂತಿತ್ತು. ಆದರೆ ಪಯಸ್ ಲಾಂಗಾ, ಇವೊನ್ ಮೊಕ್ಗೊರೊ ಮುಂತಾದವರು ಬೇರೆಯಾಗಿ ಬರೆದ ತೀರ್ಪುಗಳಲ್ಲಿ ಉಬುಂಟು ಅಂದರೆ ಏನು ಎಂದು ವಿವರಿಸಿದರು. ಕೊಂದವನೂ ಈ ಜನರೊಳಗಿನವನೇ, ಅವನನ್ನು ಕೊಂದರೆ ಉಳಿದವರ ಮನುಷ್ಯತನವೂ ಕುಗ್ಗುತ್ತದೆ ಎಂಬುದು ಅಲ್ಲಿನ ಭಾವ. ಇಲ್ಲಿ ಹಕ್ಕು ಮತ್ತು ಉಬುಂಟು ಒಂದೇ ಕಡೆ ನಿಂತಿದ್ದವು.

ಮರುವರ್ಷ ಹಾಗಾಗಲಿಲ್ಲ. ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದ ಸತ್ಯ ಮತ್ತು ಸಾಮರಸ್ಯ ಆಯೋಗದ ವ್ಯವಸ್ಥೆಯಲ್ಲಿ, ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನು ಪೂರ್ತಿ ಒಪ್ಪಿಕೊಂಡವರಿಗೆ ಕ್ಷಮಾದಾನ ಸಿಗುತ್ತಿತ್ತು. ಆಮೇಲೆ ಅವರ ಮೇಲೆ ಕೇಸು ಹಾಕುವ ಹಾಗಿಲ್ಲ, ಪರಿಹಾರ ಕೇಳುವ ಹಾಗೂ ಇಲ್ಲ. ವರ್ಣಭೇದದ ವಿರುದ್ಧ ಹೋರಾಡಿ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೋ ಅವರ ಕುಟುಂಬ ಇದನ್ನು ಪ್ರಶ್ನಿಸಿತು. ನ್ಯಾಯಾಲಯಕ್ಕೆ ಹೋಗುವುದು ನಮ್ಮ ಹಕ್ಕಲ್ಲವೇ ಎಂಬುದು ಅವರ ಪ್ರಶ್ನೆ. 1996ರ ಜುಲೈನಲ್ಲಿ ನ್ಯಾಯಾಲಯ ಕ್ಷಮಾದಾನವನ್ನೇ ಎತ್ತಿಹಿಡಿಯಿತು. ಆ ಹಕ್ಕು ಮೊಟಕಾಗುತ್ತದೆ ಎಂದು ಒಪ್ಪಿಕೊಂಡೇ ಹಾಗೆ ಮಾಡಿತು. ಸಮಾಜ ಒಂದಾಗುವುದಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸು ಬೆಲೆ ತೆರಬೇಕಾಯಿತು. ಇದು ನನ್ನನ್ನು ಈಗಲೂ ಕಾಡುತ್ತದೆ.

ಅದೇ ವರ್ಷ ಬಂದ ಅಂತಿಮ ಸಂವಿಧಾನದಲ್ಲಿ ಉಬುಂಟು ಎಂಬ ಪದವೇ ಇರಲಿಲ್ಲ. ಆದರೂ ನ್ಯಾಯಮೂರ್ತಿಗಳು ಅದನ್ನು ಬಿಡಲಿಲ್ಲ.

ಈಗ 2004ರ ಅಕ್ಟೋಬರ್‌ಗೆ ಬರೋಣ. ಪೋರ್ಟ್ ಎಲಿಜಬೆತ್ ನಗರದ ಹೊರವಲಯದಲ್ಲಿ ಖಾಸಗಿಯವರ ಖಾಲಿ ಜಮೀನು. ಅಲ್ಲಿ 29 ಜೋಪಡಿ, 68 ಜನ, ಅವರಲ್ಲಿ 23 ಮಕ್ಕಳು. ಹೆಚ್ಚಿನವರು ಬೇರೊಂದು ಜಾಗದಿಂದ ಒಮ್ಮೆ ಎಬ್ಬಿಸಿಕೊಂಡು ಬಂದವರೇ. ಕೆಲವರು ಅಲ್ಲಿ ನೆಲೆಸಿ ಎಂಟು ವರ್ಷ ಆಗಿತ್ತು. ಸುತ್ತಲಿನ 1,600 ಜನ ಸಹಿ ಹಾಕಿ ಇವರನ್ನು ತೆರವು ಮಾಡಿ ಎಂದು ಮನವಿ ಕೊಟ್ಟರು. ನಗರಪಾಲಿಕೆ ಕೋರ್ಟಿಗೆ ಹೋಯಿತು.

1951ರ ಹಳೆಯ ಕಾನೂನು ಇದ್ದಿದ್ದರೆ ಕೇಳುವುದು ಒಂದೇ ಪ್ರಶ್ನೆ: ಜಮೀನು ಯಾರದು? ಅವರದಲ್ಲ ಅಂದರೆ ಅನುಮತಿ ಇಲ್ಲದೆ ಕೂತವರು ಅಪರಾಧಿಗಳು. 1998ರ ಹೊಸ ಕಾನೂನು ಇನ್ನೊಂದು ಪ್ರಶ್ನೆ ಸೇರಿಸಿತು: ಒಕ್ಕಲೆಬ್ಬಿಸುವುದು ನ್ಯಾಯವೇ, ಸಮಂಜಸವೇ? ಎಷ್ಟು ದಿನದಿಂದ ಇದ್ದಾರೆ, ಹೇಗೆ ಬಂದರು, ಎಬ್ಬಿಸಿದರೆ ಹೋಗಲು ಜಾಗ ಇದೆಯೇ ಎಂದು ನೋಡಲೇಬೇಕು.

ನಗರಪಾಲಿಕೆ ಒಂದು ಜಾಗ ತೋರಿಸಿತ್ತು. ಅಲ್ಲಿ ಜನಸಂದಣಿ ಜಾಸ್ತಿ, ಅಪರಾಧ ಜಾಸ್ತಿ, ಅಲ್ಲಿಂದಲೂ ಮತ್ತೆ ಎಬ್ಬಿಸಿದರೆ ಏನು ಗತಿ ಎಂದು ಇವರು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಬರೆದ ತೀರ್ಪು ತುಂಬಾ ಸರಳವಾದ ಸಂಗತಿಗಳನ್ನು ನೋಡುತ್ತದೆ. ಇವರು ಬಹಳ ಕಾಲದಿಂದ ಇದ್ದಾರೆ. ಮಾಲೀಕರಿಗೆ ಈ ಜಮೀನು ತುರ್ತಾಗಿ ಬೇಕು ಎನ್ನುವುದಕ್ಕೆ ಪುರಾವೆ ಇಲ್ಲ. ಮುಖ್ಯವಾಗಿ, ಪಾಲಿಕೆಯವರು ಇವರ ಕಷ್ಟವನ್ನು ಕೂತು ಕೇಳುವ ಗಂಭೀರ ಪ್ರಯತ್ನವನ್ನೇ ಮಾಡಿಲ್ಲ. ಹಾಗಾಗಿ ಒಕ್ಕಲೆಬ್ಬಿಸುವ ಆದೇಶ ಸಿಗಲಿಲ್ಲ. ಉಬುಂಟು ಇಡೀ ಸಂವಿಧಾನದಲ್ಲಿ ಹರಡಿಕೊಂಡಿದೆ, ವ್ಯಕ್ತಿಯ ಹಕ್ಕನ್ನೂ ಕೂಡಿ ಬಾಳುವ ವಿಚಾರವನ್ನೂ ಅದು ಜೋಡಿಸುತ್ತದೆ ಎಂದು ಸ್ಯಾಕ್ಸ್ ಬರೆದರು. ಗಮನಿಸಿ, ಮಾಲೀಕರ ಹಕ್ಕುಪತ್ರ ಸುಳ್ಳಾಗಲಿಲ್ಲ. ಹಕ್ಕು ಚಲಾಯಿಸುವ ಮೊದಲು ಎದುರಿಗಿರುವವರ ಜೊತೆ ಮಾತಾಡು ಎಂಬ ಹೊಣೆ ಮಾತ್ರ ಸೇರಿತು. ಉಬುಂಟು ಕಾನೂನಿನೊಳಗೆ ಮಾಡಿದ ಅತಿ ಗಟ್ಟಿ ಕೆಲಸ ಇದೇ ಎಂದು ನನಗೆ ಅನಿಸುತ್ತದೆ.

ಹದಿನಾಲ್ಕು ದಿನಗಳ ನಂತರ ಭೆ ಪ್ರಕರಣದ ತೀರ್ಪು ಬಂತು. ಕೇಪ್‌ಟೌನ್‌ನ ಖಾಯೆಲಿತ್ಶಾದಲ್ಲಿ ಒಬ್ಬ ಬಡಗಿ ತೀರಿಕೊಂಡಿದ್ದರು. ಸರ್ಕಾರದ ವಸತಿ ಸಹಾಯಧನದಿಂದ ನಿವೇಶನ ಕೊಂಡಿದ್ದರು, ಮನೆ ಇನ್ನೂ ಎದ್ದಿರಲಿಲ್ಲ. ಜೊತೆಗಿದ್ದ ಹೆಂಗಸು, ಇಬ್ಬರು ಹೆಣ್ಣುಮಕ್ಕಳು ಅದೇ ಜಾಗದ ತಾತ್ಕಾಲಿಕ ಸೂರಿನಲ್ಲಿದ್ದರು. ಸಂಪ್ರದಾಯದ ಕಾನೂನಿನಲ್ಲಿ ವಾರಸುದಾರ ಗಂಡೇ ಆಗಬೇಕು. ಹಾಗಾಗಿ ಬಡಗಿಯ ತಂದೆಗೆ ಆಸ್ತಿ ಹೋಯಿತು. ಅಂತ್ಯಕ್ರಿಯೆಯ ಖರ್ಚಿಗೆ ಅದನ್ನು ಮಾರುತ್ತೇನೆ ಎಂದು ಅವರು ಹೊರಟರು.

ಇದರ ತೀರ್ಪು ಬರೆದವರು ಲಾಂಗಾ. ಒಂಬತ್ತು ವರ್ಷದ ಹಿಂದೆ ಗಲ್ಲಿನ ಪ್ರಕರಣದಲ್ಲಿ ಉಬುಂಟುವನ್ನು ವಿವರಿಸಿದ್ದ ಅದೇ ಲಾಂಗಾ. ಸಂಪ್ರದಾಯದ ಕಾನೂನು ಉಬುಂಟುವಿನಂಥ ಒಳ್ಳೆಯ ರೂಢಿಗಳನ್ನು ಸಾಕಿದೆ ಎಂದು ಅವರು ಇಲ್ಲೂ ಬರೆದರು. ಹಿಂದೆ ವಾರಸುದಾರನಿಗೆ ಆಸ್ತಿಯ ಜೊತೆ ಸತ್ತವನ ಕುಟುಂಬವನ್ನು ಸಾಕುವ ಹೊಣೆಯೂ ಬರುತ್ತಿತ್ತು. ಒಟ್ಟು ಕುಟುಂಬ ಚದುರಿದ ಮೇಲೆ ಆಸ್ತಿ ಅವನ ಕೈಗೆ ಬರುತ್ತಿತ್ತು, ಹೊಣೆ ಮಾತ್ರ ಬಿಟ್ಟುಹೋಗುತ್ತಿತ್ತು. ಇಲ್ಲಿ ಹೆಣ್ಣುಮಕ್ಕಳನ್ನು ಕಾಯುವುದಕ್ಕೆ ಬೇಕಾದದ್ದು ಸಮಾನತೆಯ ಹಕ್ಕು, ಘನತೆಯ ಹಕ್ಕು. ನ್ಯಾಯಾಲಯ ಗಂಡು ವಾರಸಿಕೆಯ ನಿಯಮವನ್ನು ರದ್ದು ಮಾಡಿತು. ಆ ಬಡಗಿಯ ಆಸ್ತಿಗೆ ಇಬ್ಬರು ಹೆಣ್ಣುಮಕ್ಕಳೇ ವಾರಸುದಾರರು ಎಂದು ಘೋಷಿಸಿತು.